ಬಿಸಿಸಿಯಲ್ಲಿ ಕೂತ ಸಾಹುಕಾರರು

ಪ್ರಶ್ನೆ: ಆಫೀಸ್ ಕೆಲಸಕ್ಕೆ ಹೊಸಬಳು. ಮೇಲ್‌ನಲ್ಲಿ ಟು, ಸಿಸಿ, ಬಿಸಿಸಿ ಅಂತ ಮೂರಿವೆ. ಯಾರನ್ನ ಎಲ್ಲಿ ಹಾಕೋದು? ರಿಪ್ಲೈ ಆಲ್ ಒತ್ತೋಕೂ ಭಯ ಆಗುತ್ತೆ.

ಕಾರಟಗಿಯ ಒಂದು ರೈಸ್ ಮಿಲ್ಲಿನಲ್ಲಿ ನಾನು ಬಿಲ್ಲು, ಮೇಲು ನೋಡಿಕೊಳ್ಳುತ್ತೇನೆ. ನಿಮ್ಮ ಭಯ ಸುಳ್ಳಲ್ಲ. ನಮ್ಮಲ್ಲೇ ಆದದ್ದನ್ನು ಹೇಳುತ್ತೇನೆ.

ಒಂದು ಮಳೆಗಾಲ. 25 ಕಿಲೋದ 800 ಚೀಲ ಸೋನಾ ಮಸೂರಿ ಬೆಂಗಳೂರಿಗೆ ಹೋಯಿತು. ಲಾರಿಯ ತಾಡಪತ್ರಿ ಹರಿದಿತ್ತು, 32 ಚೀಲ ನೆನೆದವು. ನಾನು ಮೇಲ್ ಬರೆದೆ. ಟು ಜಾಗದಲ್ಲಿ ಲಾರಿ ಆಫೀಸಿನವರೊಬ್ಬರೇ. ನಷ್ಟ ಯಾರು ಕೊಡುತ್ತಾರೆ ಅಂತ ಹೇಳಬೇಕಾದವರು ಅವರೇ ಅಲ್ವಾ? ಸಿಸಿಯಲ್ಲಿ ಇಬ್ಬರು. ಕ್ರೆಡಿಟ್ ನೋಟ್ ಮಾಡುವ ನಮ್ಮ ಅಕೌಂಟೆಂಟ್, ಮತ್ತು ಬೆಂಗಳೂರಿನ ವ್ಯಾಪಾರಿ. ಇವರಿಗೆ ವಿಷಯ ಗೊತ್ತಿದ್ದರೆ ಸಾಕು, ಉತ್ತರ ಬರೆಯಬೇಕಿಲ್ಲ.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರವೂ ಇಷ್ಟೇ. ಕೆಲಸ ಯಾರ ಮೇಲಿದೆಯೋ ಅವರು ಟು, ತಿಳಿದಿರಬೇಕಾದವರು ಸಿಸಿ. ಟುನಲ್ಲಿ ಮೂರು ಹೆಸರು ಹಾಕಿದರೆ, ಅವರು ನೋಡ್ತಾರೆ ಬಿಡು ಅಂತ ಮೂವರೂ ಸುಮ್ನೆ ಕೂರುತ್ತಾರೆ. ಇಬ್ಬರಿಗೆ ಬೇರೆ ಬೇರೆ ಕೆಲಸ ಇದ್ದರೆ ಯಾರಿಗೆ ಯಾವುದು ಅಂತ ಮೊದಲ ಸಾಲಿನಲ್ಲೇ ಹೆಸರು ಹಿಡಿದು ಬರೆಯಿರಿ.

ನಾನು ಎಡವಿದ್ದು ಬಿಸಿಸಿಯಲ್ಲಿ. ಸಾಹುಕಾರರು "ನನಗೂ ಒಂದು ಕಾಪಿ ಹಾಕು, ಅವರಿಗೆ ಗೊತ್ತಾಗಬಾರದು" ಅಂದಿದ್ದರು. ಅವರನ್ನು ಬಿಸಿಸಿಗೆ ಹಾಕಿದೆ. ಬಿಸಿಸಿಯಲ್ಲಿ ಇರುವವರು ಬೇರೆಯವರಿಗೆ ಕಾಣುವುದಿಲ್ಲ. ಆದರೆ ಟು, ಸಿಸಿಯಲ್ಲಿ ಇರುವವರೆಲ್ಲ ಅವರಿಗೆ ಕಾಣುತ್ತಾರೆ. ಅವರು ರಿಪ್ಲೈ ಆಲ್ ಒತ್ತಿದರೆ ಅಷ್ಟೂ ಜನಕ್ಕೆ ಹೋಗುತ್ತದೆ. ಸಾಹುಕಾರರು ಫೋನಿನಲ್ಲಿ ಮೇಲ್ ನೋಡಿದರು, ಕೆಳಗಿನ ಬಟನ್ ಒತ್ತಿದರು, ಬರೆದರು: "32ಕ್ಕಿಂತ ಒಂದು ಚೀಲಾನೂ ಜಾಸ್ತಿ ಒಪ್ಪಬೇಡ. ಈ ಪಾರ್ಟಿದು ಯಾವಾಗಲೂ ಇದೇ ಗೋಳು." ನನಗೆ ಅಂತ ಬರೆದದ್ದು ಆ ಪಾರ್ಟಿಗೂ ತಲುಪಿತು. ಬೈದದ್ದು ಒಂದು ಕಡೆ, ಸಾಹುಕಾರರು ಕದ್ದು ಓದುತ್ತಿದ್ದರು ಅನ್ನುವುದೂ ಬಯಲಾಯಿತು. ಈಗಲೂ ಆ ವ್ಯಾಪಾರಿ ಫೋನ್ ಮಾಡಿದರೆ ಮೊದಲು ಕೇಳುವುದು, "ನಿಮ್ಮ ಸಾಹುಕಾರರೂ ಕೇಳ್ತಿದ್ದಾರಾ?"

ಅಂದಿನಿಂದ ಹೀಗೆ ಮಾಡುತ್ತೇನೆ. ಮೊದಲು ಮೇಲ್ ಕಳಿಸುತ್ತೇನೆ. ಆಮೇಲೆ ಕಳಿಸಿದ ಮೇಲ್‌ಗಳ ಪಟ್ಟಿಯಿಂದ ಅದನ್ನೇ ಸಾಹುಕಾರರೊಬ್ಬರಿಗೆ ಫಾರ್ವರ್ಡ್ ಮಾಡುತ್ತೇನೆ. ಅದಕ್ಕೆ ಅವರು ಯಾವ ಬಟನ್ ಒತ್ತಿದರೂ ಉತ್ತರ ಬರುವುದು ನನಗೆ ಮಾತ್ರ. ಇನ್ನೊಂದು ಮಾತು, ಬಿಸಿಸಿಯಲ್ಲಿ ಇದ್ದವರಿಗೆ ಸಿಗುವುದು ಆ ಒಂದೇ ಮೇಲ್. ಬೇರೆಯವರು ಅದಕ್ಕೆ ಬರೆದ ಉತ್ತರಗಳು ಅವರಿಗೆ ಹೋಗುವುದಿಲ್ಲ. ಮುಂದೇನಾಯ್ತು ಅಂತ ಹೇಗಿದ್ದರೂ ನೀವೇ ತಿಳಿಸಬೇಕು.

ಹಾಗಂತ ರಿಪ್ಲೈ ಆಲ್ ಕಂಡರೆ ಓಡಬೇಡಿ. ಅದೇ ಮೇಲ್‌ಗೆ ಲಾರಿಯವರು "ಬಾಡಿಗೆಯಲ್ಲಿ 32 ಚೀಲದ ದುಡ್ಡು ಮುರಿದುಕೊಳ್ಳಿ" ಅಂತ ನನಗೊಬ್ಬನಿಗೇ ಬರೆದರು. ಅಕೌಂಟೆಂಟ್‌ಗೆ ಗೊತ್ತೇ ಆಗಲಿಲ್ಲ. ಅವರು ಪೂರ್ತಿ ಬಾಡಿಗೆ ಕಳಿಸಿಬಿಟ್ಟರು. ಅಲ್ಲಿ ರಿಪ್ಲೈ ಆಲ್ ಬೇಕಿತ್ತು. ನಾನು ನೋಡುವುದು ಒಂದೇ: ನನ್ನ ಉತ್ತರ ಓದಿ ಸಿಸಿಯಲ್ಲಿ ಇರುವವರು ಮಾಡುವ ಕೆಲಸ ಬದಲಾಗುತ್ತದಾ? ದಿನ, ದುಡ್ಡು, ಲೆಕ್ಕ ಬದಲಾದರೆ ಎಲ್ಲರಿಗೂ. "ಸರಿ ಸರ್, ಥ್ಯಾಂಕ್ಸ್" ಆದರೆ ಕಳಿಸಿದವರಿಗೆ ಮಾತ್ರ. ತಪ್ಪು ತೋರಿಸುವುದು, ಬ್ಯಾಂಕ್ ನಂಬರ್ ಕೊಡುವುದು, ರೇಟಿನ ಚೌಕಾಸಿ, ಇವೂ ಒಬ್ಬರಿಗೇ. ನಿಮ್ಮನ್ನು ಸಿಸಿಯಲ್ಲಿ ಹಾಕಿದ್ದರೆ ಟುನಲ್ಲಿ ಇರುವವರು ಮೊದಲು ಉತ್ತರ ಕೊಡಲಿ, ಕಾಯಿರಿ.

ಜಿಮೇಲ್ ಬಳಸುತ್ತಿದ್ದರೆ ಕಂಪ್ಯೂಟರ್‌ನಲ್ಲಿ ತೆರೆದು, ಸೆಟ್ಟಿಂಗ್ಸ್‌ನಲ್ಲಿ Default reply behavior ಎದುರು Reply ಇದೆಯಾ ನೋಡಿ. Undo Send ಅನ್ನು 30 ಸೆಕೆಂಡಿಗೆ ಏರಿಸಿ, ಅದಕ್ಕಿಂತ ಜಾಸ್ತಿ ಅದು ಬಿಡುವುದಿಲ್ಲ. ನನ್ನ ಕೈ ತಪ್ಪಿದ ಎಷ್ಟೋ ಮೇಲ್ ಆ 30 ಸೆಕೆಂಡಿನಲ್ಲಿ ವಾಪಸ್ ಬಂದಿವೆ.

ಬಿಸಿಸಿ ನಿಜವಾಗಿ ಕೆಲಸಕ್ಕೆ ಬರುವ ಜಾಗ ಒಂದಿದೆ. ವಾರದ ರೇಟ್ ಪಟ್ಟಿ ನಾಲ್ವತ್ತು ವ್ಯಾಪಾರಿಗಳಿಗೆ ಹೋಗಬೇಕು, ಒಬ್ಬರ ಮೇಲ್ ವಿಳಾಸ ಇನ್ನೊಬ್ಬರಿಗೆ ಸಿಗಬಾರದು. ಆಗ ಟುನಲ್ಲಿ ನನ್ನದೇ ವಿಳಾಸ, ಉಳಿದವರೆಲ್ಲ ಬಿಸಿಸಿಯಲ್ಲಿ. ಅವರಲ್ಲಿ ಯಾರು ರಿಪ್ಲೈ ಆಲ್ ಒತ್ತಿದರೂ ಅದು ಬಂದು ಬೀಳುವುದು ನನ್ನ ಹತ್ತಿರವೇ.