ಟಿಇಟಿ ಮಾಕ್ ಟೆಸ್ಟ್‌ನಲ್ಲಿ ಬರುವ ಅಂಕವನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಪ್ರಶ್ನೆ: ನಾನು ಚಿತ್ರದುರ್ಗದವಳು, ಬಿ.ಇಡಿ. ಮುಗಿದಿದೆ. ಟಿಇಟಿ ಪತ್ರಿಕೆ 2 (ಸಮಾಜ ವಿಜ್ಞಾನ) ಬರೆಯುತ್ತಿದ್ದೇನೆ. ಮೊಬೈಲ್ ಆ್ಯಪ್‌ನ ಮಾಕ್ ಟೆಸ್ಟ್‌ಗಳಲ್ಲಿ 105ರಿಂದ 110 ಅಂಕ ಬರುತ್ತಿದೆ. ಇಷ್ಟು ಬಂದರೆ ಸಾಕೇ? ಪ್ರಶ್ನೆಕೋಠಿಯನ್ನು ಇನ್ನೂ ಹೇಗೆ ಬಳಸಬೇಕು?

ಉತ್ತರ: ನೀವು ಹೇಳಿದ ಅಂಕಗಳನ್ನು ನೋಡಿದಾಗ ನನಗೆ 2022ರ ನನ್ನ ಪರೀಕ್ಷೆ ನೆನಪಾಯಿತು. ನಾನು ಹೊಳಲ್ಕೆರೆಯವಳು, ಈಗ ದಾವಣಗೆರೆಯಲ್ಲಿ ಶಿಕ್ಷಕಿ. ನಾನೂ ನಿಮ್ಮ ಪತ್ರಿಕೆಯನ್ನೇ ಬರೆದವಳು. ಅಂದು ಒಂದು ಆ್ಯಪ್‌ನಲ್ಲಿ ನಾಲ್ಕು ತಿಂಗಳು ಅಭ್ಯಾಸ ಮಾಡಿ, ಕೊನೆಯ ವಾರಗಳಲ್ಲಿ 110ರ ಆಸುಪಾಸಿನಲ್ಲಿ ಅಂಕ ಪಡೆಯುತ್ತಿದ್ದೆ. ಪರೀಕ್ಷೆಯಲ್ಲಿ ಬಂದದ್ದು 86. ಸಾಮಾನ್ಯ ವರ್ಗದವಳಾದ ನನಗೆ 150ಕ್ಕೆ 90, ಅಂದರೆ ಶೇ 60 ಬೇಕಿತ್ತು. ಆ 24 ಅಂಕಗಳು ಎಲ್ಲಿ ಹೋದವು ಎಂಬುದನ್ನು ಮುಂದಿನ ಕೆಲವು ವಾರ ಕೂತು ಹುಡುಕಿದೆ. ನಿಮಗೆ ಉಪಯೋಗಕ್ಕೆ ಬರುವುದು ಆ ಹುಡುಕಾಟವೇ ಎಂದು ನಂಬಿ ಅದನ್ನೇ ವಿವರಿಸುತ್ತೇನೆ.

ಫಲಿತಾಂಶ ಬಂದ ಮೇಲೆ ಅದೇ ಆ್ಯಪ್‌ನಲ್ಲಿ ಇನ್ನೊಂದು ಪೂರ್ಣ ಟೆಸ್ಟ್ ತೆಗೆದುಕೊಂಡೆ. ಈ ಸಲ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡು, ಪ್ರತಿ ಪ್ರಶ್ನೆಗೆ ಉತ್ತರಿಸುವ ಮೊದಲೇ ಅದು ಹಿಂದೆ ಎಲ್ಲಾದರೂ ಕಂಡ ಪ್ರಶ್ನೆಯೋ ಅಥವಾ ಹೊಸದೋ ಎಂದು ಗುರುತು ಹಾಕಿದೆ. ಒಟ್ಟು 109 ಅಂಕ ಬಂತು. ಅದನ್ನು ಬಿಡಿಸಿ ನೋಡಿದಾಗ, 150ರಲ್ಲಿ 70 ಪ್ರಶ್ನೆಗಳು ನಾನು ಮೊದಲೇ ಕಂಡವಾಗಿದ್ದು, ಅವುಗಳಲ್ಲಿ 64 ಸರಿಯಾಗಿದ್ದವು. ಉಳಿದ 80 ಹೊಸ ಪ್ರಶ್ನೆಗಳಲ್ಲಿ ಸರಿಯಾದದ್ದು 45 ಮಾತ್ರ. ಪರೀಕ್ಷೆಯ ದಿನ ಬಹುಪಾಲು ಪ್ರಶ್ನೆಗಳು ಹೊಸವೇ ಆಗಿರುತ್ತವೆ. 80ಕ್ಕೆ 45ರ ಲೆಕ್ಕದಲ್ಲಿ 150ಕ್ಕೆ ಸುಮಾರು 84 ಅಂಕ ಬರುತ್ತದೆ, ನನಗೆ ಬಂದಿದ್ದ 86ಕ್ಕೆ ಅದು ತೀರಾ ಸಮೀಪ. ಹಾಗಾಗಿ ಆ್ಯಪ್ ತೋರಿಸುತ್ತಿದ್ದ 110ರಲ್ಲಿ ಬಹಳಷ್ಟು ನನ್ನ ಜ್ಞಾಪಕಶಕ್ತಿಯ ಅಂಕವೇ ಆಗಿತ್ತು. ವಿಷಯದ ಅಂಕ ಅಷ್ಟಿರಲಿಲ್ಲ. ಟೆಸ್ಟ್ 14, ಟೆಸ್ಟ್ 15 ಎಂದು ಹೆಸರು ಬದಲಾದರೂ ಒಳಗಿನ ಕೋಠಿ ಒಂದೇ ಆಗಿದ್ದರಿಂದ, ತಿಂಗಳು ಕಳೆದಂತೆ ಅಂಕ ತಾನಾಗಿ ಏರುತ್ತಿತ್ತು.

ಕಂಡ ಪ್ರಶ್ನೆಗೆ ಸರಿಯುತ್ತರ ಕೊಡುವುದಕ್ಕೂ ವಿಷಯ ತಿಳಿದಿರುವುದಕ್ಕೂ ಇರುವ ಅಂತರ ಶಿಶು ವಿಕಸನ ಮತ್ತು ಬೋಧನಾ ಶಾಸ್ತ್ರದಲ್ಲಿ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ. ಪಿಯಾಜೆಯ ಪ್ರಕಾರ ಎರಡರಿಂದ ಏಳು ವರ್ಷದವರೆಗಿನ ಹಂತ ಯಾವುದು ಎಂದು ಪ್ರಶ್ನೆಕೋಠಿ ಕೇಳುತ್ತದೆ, ನಾವು ಕಾರ್ಯಪೂರ್ವ ಹಂತ ಎಂದು ಒತ್ತುತ್ತೇವೆ. ಅದನ್ನೇ ಪರೀಕ್ಷೆಯಲ್ಲಿ ಸನ್ನಿವೇಶದ ರೂಪದಲ್ಲಿ ಕೇಳಬಹುದು: ಅಗಲ ಲೋಟದ ನೀರನ್ನು ಕಣ್ಣೆದುರಿಗೇ ಉದ್ದ ಲೋಟಕ್ಕೆ ಸುರಿದಾಗ ನೀರು ಹೆಚ್ಚಾಯಿತು ಎನ್ನುವ ಮಗು ಯಾವ ಹಂತದಲ್ಲಿದೆ? ಉತ್ತರ ಅದೇ, ಆದರೆ ಪ್ರಮಾಣದ ಸ್ಥಿರತೆಯ ಅರಿವು ಮೂರ್ತ ಕಾರ್ಯಗಳ ಹಂತದಲ್ಲಿ ಮೂಡುತ್ತದೆ ಎಂಬುದನ್ನು ಓದಿ ಅರ್ಥ ಮಾಡಿಕೊಂಡವರಿಗಷ್ಟೇ ಅದು ಹೊಳೆಯುತ್ತದೆ. ನಾನು ಮೊದಲ ಸಲ ಸೋತದ್ದು ಇಂಥ ಪ್ರಶ್ನೆಗಳಲ್ಲಿಯೇ.

ಆದುದರಿಂದ ನಿಮ್ಮಲ್ಲಿ ನನ್ನ ಮೊದಲ ವಿನಂತಿ ಏನೆಂದರೆ, ಕಲಿಯುವುದಕ್ಕೆ ಬಳಸುವ ಪ್ರಶ್ನೆಗಳನ್ನೂ ಅಳೆಯುವುದಕ್ಕೆ ಬಳಸುವ ಪ್ರಶ್ನೆಗಳನ್ನೂ ಬೇರೆಬೇರೆಯಾಗಿ ಇಡಿ. ಆ್ಯಪ್‌ನ ಕೋಠಿ ಕಲಿಕೆಗೆ ಇರಲಿ. ರಾಜ್ಯ ಪಠ್ಯಪುಸ್ತಕದ ಒಂದು ಅಧ್ಯಾಯ ಓದಿ ಮುಗಿಸಿದ ಮೇಲೆ ಅದಕ್ಕೆ ಸಂಬಂಧಿಸಿದ ಇಪ್ಪತ್ತು, ಮೂವತ್ತು ಪ್ರಶ್ನೆಗಳನ್ನು ಮಾಡಿ, ಸರಿಯುತ್ತರದ ಜೊತೆಗೆ ಉಳಿದ ಮೂರು ಆಯ್ಕೆಗಳು ಏಕೆ ತಪ್ಪು ಎಂಬುದನ್ನೂ ಬಾಯಿಬಿಟ್ಟು ಹೇಳಿಕೊಳ್ಳಿ. ನಿಧಾನದ ಕೆಲಸ ಇದು. ಆದರೆ ಒಂದು ಪ್ರಶ್ನೆಯಿಂದ ನಾಲ್ಕು ಪ್ರಶ್ನೆಗಳ ತಯಾರಿ ಆಗುತ್ತದೆ. ತಪ್ಪಾದವುಗಳನ್ನು ಮೂರು ದಿನ ಬಿಟ್ಟು ಒಮ್ಮೆ, ಹತ್ತು ದಿನ ಬಿಟ್ಟು ಇನ್ನೊಮ್ಮೆ ಮಾಡಿ. ಈ ಮರು ಅಭ್ಯಾಸದ ಅಂಕವನ್ನು ಎಲ್ಲಿಯೂ ಬರೆದಿಡಬೇಡಿ, ಅದರಿಂದ ತಿಳಿಯುವುದು ಏನೂ ಇಲ್ಲ.

ಅಳತೆಗೆ 2022, 2023 ಮತ್ತು 2024ರ ಮೂಲ ಪತ್ರಿಕೆಗಳನ್ನು ಮುಟ್ಟದೆ ಎತ್ತಿಡಿ. ಅವುಗಳ ಪ್ರಶ್ನೆಗಳನ್ನು ಆ್ಯಪ್‌ನಲ್ಲಿ ಈಗಾಗಲೇ ಬಿಡಿಬಿಡಿಯಾಗಿ ಮಾಡಿದ್ದರೆ ಮೂಲ ಪತ್ರಿಕೆಯೂ ಹಳೆಯದಾಗಿಬಿಟ್ಟಿರುತ್ತದೆ. ಆಗ ನೀವು ಎಂದೂ ತೆರೆಯದ ಬೇರೊಂದು ಪ್ರಕಾಶನದ ಮಾದರಿ ಪತ್ರಿಕೆಗಳನ್ನು ಕೊಳ್ಳಬೇಕಾಗುತ್ತದೆ. ಟಿಇಟಿ ಇಂದಿಗೂ ಓಎಂಆರ್ ಹಾಳೆಯ ಪರೀಕ್ಷೆ ಎಂಬುದನ್ನು ಆ್ಯಪ್ ಮರೆಸುತ್ತದೆ. 150 ಪ್ರಶ್ನೆಗಳಿಗೆ 150 ನಿಮಿಷಗಳಿದ್ದರೂ ವೃತ್ತ ತುಂಬುವ ಸಮಯವೂ ಅದರಲ್ಲೇ ಸೇರಿರುತ್ತದೆ, ಒಮ್ಮೆ ಬಾಲ್ ಪೆನ್ನಿನಲ್ಲಿ ತುಂಬಿದ್ದನ್ನು ಅಳಿಸಲಾಗದು. ಒಂದು ವೃತ್ತಕ್ಕೆ ಐದು ಸೆಕೆಂಡ್ ಎಂದುಕೊಂಡರೂ ಹನ್ನೆರಡೂವರೆ ನಿಮಿಷ ಬೇಕು. ಜೆರಾಕ್ಸ್ ಅಂಗಡಿಯಲ್ಲಿ ಪತ್ರಿಕೆಯನ್ನೂ ಖಾಲಿ ಓಎಂಆರ್ ಹಾಳೆಯನ್ನೂ ತೆಗೆಸಿಕೊಂಡು, ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು, ಎರಡೂವರೆ ಗಂಟೆ ಒಂದೇ ಪಟ್ಟಿನಲ್ಲಿ ಕೂತು ಬರೆಯಿರಿ. ಅಂಥ ಅಳತೆಗಳ ನಡುವೆ ಕನಿಷ್ಠ ಒಂದು ವಾರದ ಅಂತರವಿರಲಿ.

ಇನ್ನು ಎಷ್ಟು ಬಂದರೆ ಸಾಕು ಎಂಬ ನಿಮ್ಮ ಪ್ರಶ್ನೆ. 90 ಬೇಕಾದ ಪರೀಕ್ಷೆಗೆ ಮನೆಯಲ್ಲಿ 94 ಬಂದರೆ ಸಾಕಲ್ಲವೇ ಎಂದು ಅನಿಸುವುದು ಸಹಜ. ಸಾಲುವುದಿಲ್ಲ, ಏಕೆಂದರೆ ಯಾವ ಪತ್ರಿಕೆಯೂ ನಿಮಗೆ ತಿಳಿದಿರುವುದನ್ನೆಲ್ಲ ಕೇಳುವುದಿಲ್ಲ. ಪಠ್ಯಕ್ರಮದ ಸಾವಿರಾರು ಸಂಗತಿಗಳಿಂದ 150ನ್ನು ಆರಿಸಿ ಕೇಳುತ್ತದೆ. ನೂರಕ್ಕೆ 63 ಪ್ರಶ್ನೆಗಳಿಗೆ ಉತ್ತರಿಸಬಲ್ಲ ಒಬ್ಬ ಅಭ್ಯರ್ಥಿಯ ಸರಾಸರಿ 94 ಅಥವಾ 95 ಆಗುತ್ತದೆ. ಆದರೆ ಪ್ರಶ್ನೆಗಳ ಆಯ್ಕೆಯಿಂದಲೇ ಆ ಅಂಕ ಸಾಮಾನ್ಯವಾಗಿ ಆರರಷ್ಟು ಮೇಲೆ ಕೆಳಗೆ ಆಗುತ್ತದೆ, ಕೆಲವೊಮ್ಮೆ ಹನ್ನೆರಡರವರೆಗೂ ಹೋಗುತ್ತದೆ. ಸಂಭಾವ್ಯತೆಯ ಲೆಕ್ಕ ಹಾಕಿದರೆ ಅಂಥ ಅಭ್ಯರ್ಥಿ ಐದು ಸಲ ಬರೆದಾಗ ಸುಮಾರು ಒಂದು ಸಲ 90ಕ್ಕಿಂತ ಕೆಳಗೆ ಬೀಳುತ್ತಾರೆ. ಸರಾಸರಿ 100 ಇದ್ದವರಿಗೆ ಆ ಅಪಾಯ ಮೂವತ್ತರಲ್ಲಿ ಒಂದಕ್ಕೆ ಇಳಿಯುತ್ತದೆ. ಈ ಲೆಕ್ಕದಲ್ಲಿ ಪರೀಕ್ಷಾ ಕೊಠಡಿಯ ಆತಂಕವಾಗಲಿ, ನಿದ್ದೆಗೆಟ್ಟ ಪ್ರಯಾಣವಾಗಲಿ ಸೇರಿಲ್ಲ. ಆದ್ದರಿಂದ ನಾನು ಇಟ್ಟುಕೊಂಡ ಗುರಿ ಇದು: ಹಿಂದೆ ಕಾಣದ ಮೂರು ಪೂರ್ಣ ಪತ್ರಿಕೆಗಳನ್ನು ಕಾಗದದ ಮೇಲೆ ಬರೆದಾಗ ಸರಾಸರಿ 102 ಇರಬೇಕು, ಯಾವುದೊಂದೂ 95ಕ್ಕಿಂತ ಕೆಳಗಿರಬಾರದು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಪ್ರವರ್ಗ 1 ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ ಅರ್ಹತೆ ಶೇ 55 ಆಗಿರುವುದರಿಂದ ಅವರು ಈ ಎರಡೂ ಅಂಕಗಳಿಂದ ಏಳೇಳು ಕಳೆದುಕೊಳ್ಳಬಹುದು.

ಒಟ್ಟು ಅಂಕದ ಒಳಗೆ ಇನ್ನೊಂದು ವಿಷಯ ಅಡಗಿರುತ್ತದೆ. ಟಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಏನೂ ತಿಳಿಯದ ಪ್ರಶ್ನೆಗೂ ಒಂದು ವೃತ್ತ ತುಂಬಲೇಬೇಕು, ನಾಲ್ಕರಲ್ಲಿ ಒಂದು ಸರಿಯಾಗುತ್ತದೆ. ಆ ಅಂಕ ನಿಮ್ಮ ತಯಾರಿಯದಲ್ಲ. ನಾನು ಎರಡನೆಯ ಸಲದ ತಯಾರಿಯಲ್ಲಿ ಪ್ರಶ್ನೆಪತ್ರಿಕೆಯ ಅಂಚಿನಲ್ಲಿ ಮೂರು ಬಗೆಯ ಗುರುತು ಹಾಕುತ್ತಿದ್ದೆ: ಖಚಿತವಾದದ್ದಕ್ಕೆ ಗೆರೆ, ಎರಡು ಆಯ್ಕೆಗಳ ನಡುವೆ ಸಿಕ್ಕಿಕೊಂಡದ್ದಕ್ಕೆ ಚುಕ್ಕೆ, ಬರೀ ಊಹೆಗೆ ಸೊನ್ನೆ. ಕೊನೆಯ ಅಳತೆಯಲ್ಲಿ ಖಚಿತವೆಂದುಕೊಂಡ 84ರಲ್ಲಿ 78, ಚುಕ್ಕೆಯ 36ರಲ್ಲಿ 19, ಸೊನ್ನೆಯ 30ರಲ್ಲಿ 7 ಸರಿಯಾಗಿ, ಒಟ್ಟು 104 ಬಂತು. ಖಚಿತವಾಗಿ ಬಂದ ಸರಿಯುತ್ತರಗಳು 75ಕ್ಕಿಂತ ಹೆಚ್ಚಿದ್ದರೆ ಒಟ್ಟು ಅಂಕವನ್ನು ನಂಬಬಹುದು ಎಂಬುದು ನನ್ನ ಅನುಭವ. ಒಟ್ಟು 104 ಇದ್ದೂ ಖಚಿತವಾದವು 60 ಮಾತ್ರ ಇದ್ದರೆ, ಅದು ಆ ದಿನದ ಅದೃಷ್ಟ. ನಾನು ಹೆಚ್ಚು ಹೊತ್ತು ಕಳೆದದ್ದು ಮಾತ್ರ ಖಚಿತವೆಂದುಕೊಂಡೂ ತಪ್ಪಾದ ಆ ಆರರ ಮೇಲೆ, ಏಕೆಂದರೆ ಅನುಮಾನವೇ ಇಲ್ಲದ ತಪ್ಪನ್ನು ನಾವಾಗಿ ಎಂದೂ ತಿದ್ದಿಕೊಳ್ಳುವುದಿಲ್ಲ.

ಅಂಥ ತಪ್ಪುಗಳಲ್ಲಿ ಒಂದೆರಡು ಕೋಠಿಯಿಂದಲೇ ಬಂದವಾಗಿದ್ದವು. ಹರಪನಹಳ್ಳಿ ದಾವಣಗೆರೆ ಜಿಲ್ಲೆಯಲ್ಲಿದೆ ಎಂದು ನಾನು ಬಳಸುತ್ತಿದ್ದ ಆ್ಯಪ್‌ನ ಕೀ ಉತ್ತರ ಹೇಳುತ್ತಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಅದು ನಿಜವಾಗಿತ್ತು. ಆ ಮೇಲೆ ಅದು ಬಳ್ಳಾರಿಗೆ ಮರಳಿ, ಈಗ ವಿಜಯನಗರ ಜಿಲ್ಲೆಗೆ ಸೇರಿದೆ. ಅಶೋಕನ ಬ್ರಹ್ಮಗಿರಿ ಶಾಸನವನ್ನು ರಾಯಚೂರು ಜಿಲ್ಲೆಗೆ ಸೇರಿಸಿದ್ದನ್ನೂ ಕಂಡಿದ್ದೇನೆ. ಅದು ನಿಮ್ಮ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿದೆ. ರಾಯಚೂರು ಜಿಲ್ಲೆಯಲ್ಲಿರುವುದು ಮಸ್ಕಿ ಶಾಸನ. ನಮ್ಮ ಊರಿನ ಸುತ್ತಲಿನ ಸಂಗತಿಯಾದ್ದರಿಂದ ಇವು ಕಣ್ಣಿಗೆ ಬಿದ್ದವು, ದೂರದ ವಿಷಯವಾಗಿದ್ದರೆ ತಪ್ಪನ್ನೇ ಬಾಯಿಪಾಠ ಮಾಡುತ್ತಿದ್ದೆ. ಪಠ್ಯಪುಸ್ತಕಕ್ಕೂ ಕೀ ಉತ್ತರಕ್ಕೂ ಹೊಂದಿಕೆ ಇಲ್ಲದಿದ್ದರೆ ಪಠ್ಯಪುಸ್ತಕವನ್ನು ನಂಬಿ, ಹಳೆಯ ಪತ್ರಿಕೆಗಳಿಗೆ ಇಲಾಖೆ ಪ್ರಕಟಿಸಿದ ಅಂತಿಮ ಕೀ ಉತ್ತರದಿಂದಲೇ ಅಂಕ ಹಾಕಿಕೊಳ್ಳಿ.

ನಿಮ್ಮ 105, 110 ಅಂಕಗಳ ವಿಷಯಕ್ಕೆ ಬಂದರೆ, ಮುಂದಿನ ಭಾನುವಾರವೇ ಅದೇ ಆ್ಯಪ್‌ನ ಒಂದು ಟೆಸ್ಟನ್ನು ಕಂಡದ್ದು, ಹೊಸದು ಎಂಬ ಗುರುತಿನೊಂದಿಗೆ ಬರೆದು, ಹೊಸ ಪ್ರಶ್ನೆಗಳ ಅಂಕವನ್ನು 150ಕ್ಕೆ ಏರಿಸಿ ನೋಡಿ. ಅದು ನೂರರ ಮೇಲೆ ಬಂದರೆ ಮೂಲ ಪತ್ರಿಕೆಗಳ ಅಳತೆಗೆ ಹೋಗಿ. 90ರ ಆಸುಪಾಸಿನಲ್ಲಿ ಬಂದರೆ ಇನ್ನಷ್ಟು ಟೆಸ್ಟ್‌ಗಳನ್ನು ಬರೆಯುವ ಬದಲು, ಯಾವ ಭಾಗದಲ್ಲಿ ಚುಕ್ಕೆಗಳು ಹೆಚ್ಚಾಗಿವೆ ಎಂದು ಎಣಿಸಿ. ಶಿಶು ವಿಕಸನ, ಭಾಷೆ 1, ಭಾಷೆ 2 ತಲಾ 30 ಅಂಕ, ಸಮಾಜ ವಿಜ್ಞಾನ 60 ಅಂಕ. ಪೂರ್ತಿ ತಿಳಿಯದ ಸೊನ್ನೆಗಳಿಗಿಂತ ಅರ್ಧ ತಿಳಿದ ಚುಕ್ಕೆಗಳು ಬೇಗ ಗೆರೆಗಳಾಗುತ್ತವೆ. ನನಗೆ ಅವು ಹೆಚ್ಚಾಗಿ ಇದ್ದದ್ದು ಶಿಶು ವಿಕಸನದಲ್ಲಿ. ಆ್ಯಪ್ ಮುಚ್ಚಿಟ್ಟು ಬಿ.ಇಡಿ. ಪುಸ್ತಕವನ್ನು ಮೂರು ವಾರ ಓದಿದಾಗ ಆ ಭಾಗದ ಅಂಕ 16ರಿಂದ 23ಕ್ಕೆ ಏರಿತು, 2023ರ ಪರೀಕ್ಷೆಯಲ್ಲಿ 103 ಅಂಕದೊಂದಿಗೆ ಅರ್ಹತೆ ಸಿಕ್ಕಿತು.