ಬ್ಯುರೆಟ್‌ನ ದೋಷ ಇಮ್ಮಡಿಯಾಗುವುದೇಕೆ?

ಪ್ರಶ್ನೆ: ಹಳೆಯ ಪ್ರಶ್ನೆಪತ್ರಿಕೆಯ ಟೈಟ್ರೇಶನ್ ಅಭ್ಯಾಸ ಮಾಡುತ್ತಿದ್ದೇನೆ. ಬ್ಯುರೆಟ್‌ನ ದೋಷವನ್ನು ಎರಡರಿಂದ ಗುಣಿಸುವುದೇಕೆ?

ಬ್ಯುರೆಟ್ಟನ್ನು ಎರಡು ಬಾರಿ ಓದುತ್ತೀರಿ, ಅದಕ್ಕೇ: ಆರಂಭದಲ್ಲೊಮ್ಮೆ, ಬಣ್ಣ ತಿರುಗಿದಾಗ ಇನ್ನೊಮ್ಮೆ. ಒಂದರಿಂದ ಇನ್ನೊಂದನ್ನು ಕಳೆದರೂ ಅವುಗಳ ದೋಷಗಳು ಕೂಡಿಕೊಳ್ಳುತ್ತವೆ. ಪ್ರತಿ ಓದಿಗೆ ±0.05 ಮಿ.ಲೀ. ಎಂದರೆ ಒಟ್ಟು ±0.10, ಹೈಡ್ರೋಕ್ಲೋರಿಕ್ ಆಮ್ಲ 20.00 ಮಿ.ಲೀ. ಇಳಿದಿದ್ದರೆ ಅದು 0.5%. ಸೋಡಿಯಂ ಹೈಡ್ರಾಕ್ಸೈಡ್ ಅಳೆದ 25.00 ಮಿ.ಲೀ. ಪಿಪೆಟ್‌ನ ±0.06 ಅಂದರೆ 0.24%. ಎರಡೂ ಸೇರಿ 0.74%. ಆಮ್ಲ ನಿಖರವಾಗಿ 0.100 M ಎಂದುಕೊಂಡರೆ, ಕ್ಷಾರದ ಸಾಂದ್ರತೆ:

```
0.100 × 20.00 ÷ 25.00 = 0.0800 ± 0.0006 M
```

ಇದು ಗರಿಷ್ಠ ದೋಷ. ಆದರೆ ಬ್ಯುರೆಟ್‌ನ ತುದಿಯಲ್ಲಿ ಸಿಕ್ಕಿಕೊಂಡ ಗಾಳಿಗುಳ್ಳೆ ಈ ಲೆಕ್ಕಕ್ಕೆ ಸಿಗುವುದೇ ಇಲ್ಲ. ಅದು ನಡುವೆ ಹೊರಬಿದ್ದರೆ ಆ ಬಾರಿ ಇಳಿದ ಆಮ್ಲದ ಅಳತೆ ಮಾತ್ರ ಉಳಿದ ಬಾರಿಗಳದ್ದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಅದನ್ನು ಸರಾಸರಿಗೆ ಸೇರಿಸದೆ ಮತ್ತೊಮ್ಮೆ ಮಾಡಿ.