4ⁿ − 1 ಕುರಿತ ಹೇಳಿಕೆಗೆ ಅನುಗಮನದ ಸಾಧನೆ

"ಫೋಟೋದಲ್ಲಿರುವ ಹೇಳಿಕೆ: n ≥ 1 ಆದಾಗ 4ⁿ − 1 ಮೂರರಿಂದ ಭಾಗವಾಗುತ್ತದೆ. n = 1, 2, 3 ಹಾಕಿದೆ, ಸರಿಬಂತು. ಅನುಗಮನದಲ್ಲಿ ಮುಂದೇನು ಬರೆಯಬೇಕು?"

ನೀವು ಹಾಕಿ ನೋಡಿದ ಮೂರು ಬೆಲೆಗಳಲ್ಲಿ ಸಾಧನೆಗೆ ಬೇಕಾದದ್ದು ಮೊದಲನೆಯದು ಮಾತ್ರ: 4 − 1 = 3.

ಅನಂತರ, k ಎಂಬ ಯಾವುದೋ ಒಂದು ಸಂಖ್ಯೆಗೆ ಹೇಳಿಕೆ ನಿಜವೆಂದು ಇಟ್ಟುಕೊಂಡು, ಅದರಿಂದ k + 1ಕ್ಕೂ ಅದು ನಿಜವಾಗಲೇಬೇಕೆಂದು ತೋರಿಸಬೇಕು. ಸಾಧಿಸಬೇಕಾದದ್ದನ್ನೇ ಒಪ್ಪಿಕೊಂಡೆವಲ್ಲ ಎಂಬ ಅನುಮಾನ ಇಲ್ಲಿ ಸಹಜವಾಗಿ ಬರುತ್ತದೆ. ಆದರೆ ಈ ಹೆಜ್ಜೆಯಲ್ಲಿ ನಾವು ಸಾಧಿಸುವುದು "k ಗೆ ನಿಜವಾದರೆ k + 1ಕ್ಕೂ ನಿಜ" ಎಂಬ ಕೊಂಡಿಯನ್ನಷ್ಟೇ.

ಊಹೆಯನ್ನು ಬಳಸಲು ಅನುಕೂಲವಾಗುವಂತೆ 4ᵏ − 1 = 3m, ಅಂದರೆ 4ᵏ = 3m + 1 ಎಂದು ಬರೆದುಕೊಳ್ಳಿ; ಇಲ್ಲಿ m ಪೂರ್ಣಾಂಕ. ಆಗ

4ᵏ⁺¹ − 1 = 4·4ᵏ − 1 = 4(3m + 1) − 1 = 12m + 3 = 3(4m + 1).

ಎರಡನೇ ಸಮಚಿಹ್ನೆಯ ಬಳಿ "ಊಹೆಯಿಂದ" ಎಂದು ತಪ್ಪದೆ ಬರೆಯಿರಿ. ಊಹೆ ಎಲ್ಲಿಯೂ ಬಳಕೆಯಾಗದಿದ್ದರೆ ಸಾಧನೆಯನ್ನು ಮತ್ತೊಮ್ಮೆ ನೋಡಬೇಕು. ಹೇಳಿಕೆ 1ಕ್ಕೆ ನಿಜವಾದ್ದರಿಂದ ಕೊಂಡಿಯ ಮೂಲಕ 2ಕ್ಕೆ, ಅಲ್ಲಿಂದ 3ಕ್ಕೆ, ಹೀಗೆ ಪ್ರತಿ n ಗೂ ನಿಜವಾಗುತ್ತದೆ.

ಮೊದಲ ಹೆಜ್ಜೆ ಸುಲಭವೆಂದು ಬಿಡಬೇಡಿ. "4ⁿ + 1 ಮೂರರಿಂದ ಭಾಗವಾಗುತ್ತದೆ" ಎಂಬುದನ್ನು ತೆಗೆದುಕೊಂಡರೆ, 4ᵏ = 3m − 1 ಎಂದಿಟ್ಟಾಗ 4ᵏ⁺¹ + 1 = 3(4m − 1) ಆಗಿ ಕೊಂಡಿ ಸರಿಯಾಗಿಯೇ ಕೂಡುತ್ತದೆ; ಆದರೆ n = 1 ಆದಾಗ ಬರುವುದು 5, ಮತ್ತು ಆ ಹೇಳಿಕೆ ಯಾವ n ಗೂ ನಿಜವಲ್ಲ.